ಒಂದು ಕೆನ್ನೆ ಅರಿಶಿನ, ಇನ್ನೊಂದು ಕುಂಕುಮ: ರಾತ್ರಿ ಪೋರ್ಟ್ರೇಟ್‌ನಲ್ಲಿ ನಿಯಾನ್ ಮತ್ತು ಬೀದಿದೀಪದ ಬಣ್ಣ ಸರಿದೂಗಿಸುವುದು (ಪದೇ ಪದೇ ಕೇಳುವ ಪ್ರಶ್ನೆಗಳು)

ನಾನು ಬಳ್ಳಾರಿಯಲ್ಲಿ ಮದುವೆ, ನಿಶ್ಚಿತಾರ್ಥದ ಫೋಟೊ ತೆಗೆಯುವವನು. ಬೇಸಿಗೆಯಲ್ಲಿ ಇಲ್ಲಿಯ ಬಿಸಿಲಿಗೆ ಹಗಲು ಯಾರೂ ಹೊರಗೆ ನಿಲ್ಲುವುದಿಲ್ಲ. ಹಾಗಾಗಿ ಹೊರಗಿನ ಕೆಲಸವೆಲ್ಲ ರಾತ್ರಿ ಎಂಟರ ಮೇಲೆ, ಅಂಗಡಿ ಬೋರ್ಡುಗಳ ಬೆಳಕಿನಲ್ಲೇ ನಡೆಯುತ್ತದೆ. ನನ್ನ ಹತ್ತಿರ ಕೆಲಸ ಕಲಿಯಲು ಬರುವ ಹುಡುಗರು, ರಾಯಚೂರು ಮತ್ತು ಕೊಪ್ಪಳದ ಗೆಳೆಯರು ತಿರುಗಿ ತಿರುಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ನಾನು ನಿಂತು ನೋಡಿದಾಗ ಮುಖ ಚೆನ್ನಾಗೇ ಇತ್ತು. ಫೋಟೊದಲ್ಲಿ ಮಾತ್ರ ಅರ್ಧ ಹಳದಿ, ಅರ್ಧ ಗುಲಾಬಿ. ಯಾಕೆ ಹೀಗೆ?

ನಿಮ್ಮ ಕಣ್ಣು ಮೋಸ ಮಾಡಿತು, ಅದೂ ಒಳ್ಳೆಯ ಉದ್ದೇಶದಿಂದ. ಎದುರಿಗಿರುವುದು ಮನುಷ್ಯನ ಮುಖ ಅಂತ ಮೆದುಳಿಗೆ ಗೊತ್ತು. ಹಾಗಾಗಿ ಅದು ಎರಡೂ ಕೆನ್ನೆಯನ್ನು ಒಂದೇ ಚರ್ಮ ಅಂತ ಲೆಕ್ಕ ಹಾಕಿಕೊಂಡು ಬಿಡುತ್ತದೆ. ಕ್ಯಾಮೆರಾಗೆ ಆ ಸೌಜನ್ಯ ಇಲ್ಲ.

ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಮಾಡುವುದು ತೀರ ಸರಳ ಕೆಲಸ. ಸೆನ್ಸರ್‌ಗೆ ಬಂದ ಕೆಂಪು, ಹಸಿರು, ನೀಲಿ ಲೆಕ್ಕವನ್ನು ಒಂದೊಂದು ಸಂಖ್ಯೆಯಿಂದ ಗುಣಿಸುತ್ತದೆ, ಅಷ್ಟೇ. ಆ ಗುಣಾಕಾರ ಇಡೀ ಚಿತ್ರಕ್ಕೆ ಒಂದೇ. ಎಡಗೆನ್ನೆಗೆ ಒಂದು, ಬಲಗೆನ್ನೆಗೆ ಇನ್ನೊಂದು ಅಂತ ಇಲ್ಲ. ಹಳದಿ ಕೆನ್ನೆಯನ್ನು ಸರಿ ಮಾಡಲು ನೀಲಿ ಜಾಸ್ತಿ ಮಾಡಿದರೆ ಗುಲಾಬಿ ಕೆನ್ನೆ ನೇರಳೆ ಆಗುತ್ತದೆ. ಗುಲಾಬಿಯನ್ನು ಹಿಡಿದು ಎಳೆದರೆ ಹಳದಿ ಕೆನ್ನೆ ಹಸಿರು ಹೊಡೆಯುತ್ತದೆ. ಎರಡು ಬಣ್ಣದ ಬೆಳಕು ಒಂದೇ ಮುಖದ ಮೇಲೆ ಇರುವಾಗ ಒಂದೇ ಸ್ಲೈಡರ್‌ನಿಂದ ಎರಡನ್ನೂ ಸರಿ ಮಾಡಲು ಆಗುವುದೇ ಇಲ್ಲ. ಇದನ್ನು ಒಪ್ಪಿಕೊಂಡ ಮೇಲೆಯೇ ಮುಂದಿನ ಕೆಲಸ ಶುರುವಾಗುತ್ತದೆ.

ಸರಿ, ನಿಯಾನ್ ಬಿಡಿ. ಬರೀ ಹಳದಿ ಬೀದಿದೀಪದ ಕೆಳಗೆ ನಿಲ್ಲಿಸಿ, ಅದಕ್ಕೇ ಬ್ಯಾಲೆನ್ಸ್ ಮಾಡಿದರೂ ಮುಖ ಬೂದಿ ಬಳಿದ ಹಾಗೆ ಇರುತ್ತದೆ. ಏನು ತಪ್ಪು?

ತಪ್ಪು ನಿಮ್ಮದಲ್ಲ. ಅದು ಸೋಡಿಯಂ ದೀಪ. ಅದರ ಬೆಳಕಿನಲ್ಲಿ ಹಳದಿ ಮತ್ತು ಕಿತ್ತಳೆ ಬಿಟ್ಟರೆ ಹೆಚ್ಚೇನೂ ಇಲ್ಲ. ನೀಲಿ ಅಂತೂ ಹೆಸರಿಗೆ ಮಾತ್ರ. ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವುದಕ್ಕೆ ಸಿಆರ್‌ಐ ಅಂತ ಒಂದು ಅಳತೆ ಇದೆ. ಸೂರ್ಯನ ಬೆಳಕಿಗೆ 100. ಬೀದಿಯಲ್ಲಿ ಹಾಕುವ ಸೋಡಿಯಂ ದೀಪಕ್ಕೆ ಸುಮಾರು 25. ಹೊಸ ಬಿಳಿ ಎಲ್‌ಇಡಿ ಬೀದಿದೀಪಗಳು ಸಾಮಾನ್ಯವಾಗಿ 70ರ ಆಸುಪಾಸು.

ಹತ್ತು ರೂಪಾಯಿಯನ್ನು ಐದರಿಂದ ಗುಣಿಸಿದರೆ ಐವತ್ತಾಗುತ್ತದೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆ. ಇಲ್ಲದ ನೀಲಿಯನ್ನು ನೀವು ಗುಣಿಸಿದಾಗ ಸಿಗುವುದು ಬಣ್ಣ ಅಲ್ಲ, ಬರೀ ಕಾಳುಕಾಳಾದ ನಾಯ್ಸ್. ತುಟಿಗೂ ಕೆನ್ನೆಗೂ ಇರುವ ವ್ಯತ್ಯಾಸವೇ ಹೋಗಿಬಿಟ್ಟಿರುತ್ತದೆ, ಯಾಕೆಂದರೆ ಆ ವ್ಯತ್ಯಾಸ ಕಾಣಲು ಬೇಕಾದ ಬಣ್ಣಗಳೇ ಆ ಬೆಳಕಿನಲ್ಲಿ ಇರಲಿಲ್ಲ.

ಸ್ಥಳಕ್ಕೆ ಹೋದ ತಕ್ಷಣ ಬೆಳಕನ್ನು ಪರೀಕ್ಷೆ ಮಾಡಲು ನನ್ನ ಹತ್ತಿರ ಒಂದು ಉಪಾಯ ಇದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್‌ಗಳಿಗೆ ಕೊರತೆ ಇಲ್ಲ, ಬಟ್ಟೆ ಚೂರು ಕೇಳಿದರೆ ಸುಮ್ನೆ ಕೊಡುತ್ತಾರೆ. ಕ್ಯಾಮೆರಾ ಬ್ಯಾಗಿನಲ್ಲಿ ಒಂದು ನೀಲಿ ಜೀನ್ಸ್ ಚೂರು, ಒಂದು ಕೆಂಪು, ಒಂದು ಹಸಿರು ಚೂರು ಇಟ್ಟುಕೊಂಡಿದ್ದೇನೆ. ದೀಪದ ಕೆಳಗೆ ಹಿಡಿದು ನೋಡುತ್ತೇನೆ. ಸೋಡಿಯಂ ಕೆಳಗೆ ಜೀನ್ಸ್ ಕಪ್ಪಾಗುತ್ತದೆ, ಕೆಂಪು ಮತ್ತು ಹಸಿರು ಎರಡೂ ಕಂದು ಕಾಣುತ್ತವೆ. ಮೂರೂ ಬೇರೆ ಬೇರೆ ಕಂಡರೆ ಆ ಬೆಳಕಿನಲ್ಲಿ ಮುಖ ತೆಗೆಯಬಹುದು. ಕಾಣದಿದ್ದರೆ ಅದನ್ನು ಮುಖದಿಂದ ದೂರ ಇಡಬೇಕು.

ಇನ್ನೊಂದು ಮಾತು. ಕರೆಂಟು ಹೋಗಿ ಬಂದ ಮೇಲೆ ಸೋಡಿಯಂ ದೀಪ ಪೂರ್ತಿ ಹತ್ತಲು ಕೆಲವು ನಿಮಿಷ ಬೇಕು. ಆ ಹೊತ್ತಿನಲ್ಲಿ ಅದರ ಬಣ್ಣ ಬದಲಾಗುತ್ತಲೇ ಇರುತ್ತದೆ. ಆಗ ಇಟ್ಟ ವೈಟ್ ಬ್ಯಾಲೆನ್ಸ್ ಆಮೇಲೆ ಕೆಲಸಕ್ಕೆ ಬರುವುದಿಲ್ಲ. ಒಂದು ಚಹಾ ಕುಡಿದು ಬನ್ನಿ.

ಅಂಗಡಿ ಮುಂದೆ ಇರುವುದು ನಿಜವಾದ ನಿಯಾನಾ?

ಬಹುಪಾಲು ಅಲ್ಲ. ನಿಜವಾದ ನಿಯಾನ್ ಅಂದರೆ ಗಾಜಿನ ಕೊಳವೆಯೊಳಗೆ ಅನಿಲ ತುಂಬಿ ಹೊತ್ತಿಸುವುದು. ಜಾರ್ಜ್ ಕ್ಲಾಡ್ ಎಂಬ ಫ್ರೆಂಚರು 1910ರಲ್ಲಿ ಪ್ಯಾರಿಸ್‌ನಲ್ಲಿ ಅದನ್ನು ಜನರಿಗೆ ತೋರಿಸಿದರು. ಶುದ್ಧ ನಿಯಾನ್ ಕೊಡುವುದು ಕೆಂಪು ಕಿತ್ತಳೆ ಬಣ್ಣ ಮಾತ್ರ. ಈಗ ನಮ್ಮ ಊರುಗಳ ಜ್ಯೂಸ್ ಅಂಗಡಿ, ಸಲೂನ್, ಮೊಬೈಲ್ ಅಂಗಡಿಗಳಲ್ಲಿ ಹೊಳೆಯುವುದು ಮೆತ್ತಗಿನ ಸಿಲಿಕಾನ್ ಪಟ್ಟಿಯೊಳಗಿನ ಎಲ್‌ಇಡಿ. ಎಲ್ಲರೂ ನಿಯಾನ್ ಅಂತಾರೆ, ನಾನೂ ಹಾಗೇ ಬರೆಯುತ್ತೇನೆ.

ಮುಖದ ಮಟ್ಟಿಗೆ ಎರಡೂ ಒಂದೇ ತೊಂದರೆ ಕೊಡುತ್ತವೆ. ತೀರ ಕಡಿಮೆ ಬಣ್ಣಗಳಲ್ಲಿ ಬೆಳಕೆಲ್ಲ ಗುಡ್ಡೆಯಾಗಿರುತ್ತದೆ. ಕೆಂಪು ಬೆಳಕು ಚರ್ಮವನ್ನು ನುಣುಪಾಗಿ ತೋರಿಸುತ್ತದೆ, ಮೊಡವೆ ಕಲೆ ಎಲ್ಲ ಮಾಯ. ಮದುಮಗಳಿಗೆ ಖುಷಿ. ಆದರೆ ಜಾಸ್ತಿ ಆದರೆ ಮುಖದ ಏರಿಳಿತವೇ ಅಳಿಸಿಹೋಗುತ್ತದೆ. ನೀಲಿ ಇದಕ್ಕೆ ಪೂರ್ತಿ ಉಲ್ಟಾ. ಅದು ಚರ್ಮದ ಒಳಗೆ ಅಷ್ಟು ಇಳಿಯುವುದಿಲ್ಲ. ಹಾಗಾಗಿ ಇದ್ದಬದ್ದ ಕಲೆಯನ್ನೆಲ್ಲ ಎತ್ತಿ ತೋರಿಸುತ್ತದೆ, ತುಟಿಯನ್ನು ಕಪ್ಪಾಗಿಸುತ್ತದೆ. ಗಿರಾಕಿ ಎಷ್ಟೇ ಕೇಳಲಿ, ನೀಲಿ ಬೋರ್ಡನ್ನು ನಾನು ಮುಖದ ಮುಂದೆ ಇಡುವುದಿಲ್ಲ, ಹಿಂದಿನಿಂದ ಮಾತ್ರ.

ಹಾಗಾದರೆ ಯಾವ ಬೆಳಕಿಗೆ ವೈಟ್ ಬ್ಯಾಲೆನ್ಸ್ ಮಾಡಬೇಕು? ಜಾಸ್ತಿ ಇರುವುದಕ್ಕಾ?

ಹೆಚ್ಚಿನವರು ಮಾಡುವ ತಪ್ಪು ಇದೇ. ಜೋರಾಗಿರುವ ಬೆಳಕಿಗಲ್ಲ, ಎಲ್ಲ ಬಣ್ಣವೂ ಇರುವ ಬೆಳಕಿಗೆ ಮಾಡಬೇಕು. ಆ ಬೆಳಕು ಮುಖದ ಮುಂಭಾಗಕ್ಕೆ ಬೀಳಬೇಕು, ಅಂದರೆ ಹಣೆ, ಮೂಗು, ಹತ್ತಿರದ ಕೆನ್ನೆ. ಸೋಡಿಯಂ, ನಿಯಾನ್ ಎರಡೂ ಅಂಚಿಗೆ ಹೋಗಬೇಕು: ಕೂದಲು, ಕಿವಿ, ಭುಜ, ದವಡೆಯ ಗೆರೆ. ಕೂದಲು ಕಿತ್ತಳೆ ಇದ್ದರೆ ನೋಡುವವರು ರಾತ್ರಿ ಬೀದಿ ಅಂತ ಒಪ್ಪಿಕೊಳ್ಳುತ್ತಾರೆ. ಹಣೆ ಕಿತ್ತಳೆ ಇದ್ದರೆ ಕಾಮಾಲೆ ಅಂತಾರೆ.

ರಾಯಚೂರಿನ ಗೆಳೆಯನೊಬ್ಬ ತೀನ್ ಕಂದೀಲ್ ಹತ್ತಿರ ತೆಗೆದ ಫೋಟೊಗಳನ್ನು ಕಳಿಸುತ್ತಿರುತ್ತಾನೆ. ಆ ಜಾಗದ ಹೆಸರಿನಲ್ಲೇ ಮೂರು ದೀಪ ಇವೆ. ನಾನು ಅವನಿಗೆ ಪ್ರತಿ ಸಲ ಕೇಳುವುದು ಒಂದೇ: ಮೂರರಲ್ಲಿ ಮುಖದ ದೀಪ ಯಾವುದಪ್ಪಾ?

ಎಲ್ಲ ಬಣ್ಣ ಇರುವ ಬೆಳಕು ಎಲ್ಲಿ ಸಿಗುತ್ತದೆ ಅಂದರೆ ಹೆಚ್ಚಾಗಿ ಅಂಗಡಿಯ ಒಳಗೆ. ಬೋರ್ಡು ಬಣ್ಣದ್ದಿದ್ದರೂ ಒಳಗೆ ವ್ಯಾಪಾರಕ್ಕೆ ಬಿಳಿ ದೀಪ ಬೇಕೇ ಬೇಕು. ಅದರಲ್ಲೂ ಬಟ್ಟೆ ಅಂಗಡಿಯವರು ಒಳ್ಳೆಯ ದೀಪ ಹಾಕಿರುತ್ತಾರೆ, ಸೀರೆ ಬಣ್ಣ ಸರಿಯಾಗಿ ಕಾಣದಿದ್ದರೆ ಗಿರಾಕಿ ಎದ್ದು ಹೋಗುತ್ತಾರೆ.

ಒಂದು ಉದಾಹರಣೆ ಪೂರ್ತಿ ಹೇಳಿ.

ಸೋದರಮಾವನ ಮಗನಿಗೆ ಹೆಣ್ಣು ನೋಡುತ್ತಿದ್ದರು. ಬಯೋಡೇಟಾಗೆ ಫೋಟೊ ಬೇಕು, ಸ್ಟುಡಿಯೊ ಪರದೆ ಬೇಡ, ರಾತ್ರಿ ಬೀದಿ ಬೇಕು ಅಂದ. ಕೌಲ್ ಬಜಾರ್ ಕಡೆಯ ಒಂದು ಒಳರಸ್ತೆಯ ಜ್ಯೂಸ್ ಅಂಗಡಿಗೆ ಹೋದೆವು. ಬಾಗಿಲ ಪಕ್ಕದ ಗೋಡೆಗೆ ನಾಲ್ಕು ಅಡಿ ಅಗಲದ ಗುಲಾಬಿ ನಿಯಾನ್. ರಸ್ತೆಯಾಚೆ ಕಂಬದಲ್ಲಿ ಹಳೆಯ ಸೋಡಿಯಂ ದೀಪ.

ಮೊದಲ ಸಲ ನಾನೂ ಎಲ್ಲರಂತೆ ಬೋರ್ಡಿನ ಪಕ್ಕಕ್ಕೆ, ರಸ್ತೆಗೆ ಮುಖ ಮಾಡಿ ನಿಲ್ಲಿಸಿದೆ. ಮುಂದೆ ಮೇಲಿನಿಂದ ಸೋಡಿಯಂ, ಎಡಕ್ಕೆ ಮೂರಡಿ ದೂರದಲ್ಲಿ ಗುಲಾಬಿ. ಅಂಗಡಿಯೊಳಗಿನ ಬಿಳಿ ಬೆಳಕು ಅವನ ಬೆನ್ನಿಗೆ ಬಿದ್ದು ವ್ಯರ್ಥವಾಯಿತು. ಫೋಟೊ ನೋಡಿ ಅತ್ತೆ ಕೇಳಿದ್ದು, "ಏನೋ, ಹೆಣ್ಣು ನೋಡೋಕೆ ಮುಂಚೇನೇ ಅರಿಶಿನ ಹಚ್ಚಿದ್ದೀರೇನೋ ಇವನಿಗೆ?" ಒಂದು ಕೆನ್ನೆ ಅರಿಶಿನ, ಇನ್ನೊಂದು ಕುಂಕುಮ, ಮೂಗಿನ ಮೇಲೆ ಎರಡರ ನಡುವೆ ಗಡಿ. ಎರಡು ತಾಸು ಕಂಪ್ಯೂಟರ್ ಮುಂದೆ ಕೂತರೂ ಅದು ಸರಿಯಾಗಲಿಲ್ಲ.

ಮರುದಿನ ಅದೇ ಜಾಗದಲ್ಲಿ ಅವನನ್ನು ಹಿಂದುಮುಂದು ಮಾಡಿದೆ. ಅವನ ಮುಖ ಅಂಗಡಿಗೆ, ಬೆನ್ನು ರಸ್ತೆಗೆ. ನಾನು ಬಾಗಿಲಿನ ಒಂದು ಬದಿಗೆ ಒತ್ತಿ ನಿಂತು ಹೊರಗೆ ತೆಗೆದೆ, ಒಳಗಿನ ಬೆಳಕಿಗೆ ನನ್ನ ನೆರಳು ಅಡ್ಡ ಬರಬಾರದು ಅಂತ. ಈಗ ಒಳಗಿನ ಬಿಳಿ ದೀಪಗಳು ಅವನ ಹಣೆ, ಮೂಗು, ಒಂದು ಕೆನ್ನೆಗೆ ಬಿದ್ದವು. ಗುಲಾಬಿ ಇನ್ನೊಂದು ಕೆನ್ನೆಯ ಅಂಚಿಗೆ ಸರಿಯಿತು. ಸೋಡಿಯಂ ಹಿಂದಿನಿಂದ ಕೂದಲಿಗೂ ಭುಜಕ್ಕೂ ಕಿತ್ತಳೆ ಗೆರೆ ಎಳೆಯಿತು. ಹಿಂದೆ ರಸ್ತೆಯ ಗಾಡಿ ದೀಪಗಳೂ ಸಿಕ್ಕವು.

ಆದರೆ ಗುಲಾಬಿ ಇನ್ನೂ ಜೋರಾಗಿತ್ತು. ಸ್ಪಾಟ್ ಮೀಟರ್‌ನಲ್ಲಿ ಎರಡೂ ಕೆನ್ನೆ ಅಳೆದೆ. ಬಿಳಿ ಕೆನ್ನೆಗಿಂತ ಗುಲಾಬಿ ಕೆನ್ನೆ ಅರ್ಧ ಸ್ಟಾಪ್ ಮೇಲಿತ್ತು. ಒಂದು ಸ್ಟಾಪ್ ಮೇಲೆ ಅಂದರೆ ಬೆಳಕು ಎರಡರಷ್ಟು, ಒಂದು ಸ್ಟಾಪ್ ಕೆಳಗೆ ಅಂದರೆ ಅರ್ಧ. ನನಗೆ ಬೇಕಿದ್ದದ್ದು ಒಂದು ಸ್ಟಾಪ್ ಕೆಳಗೆ. ಬೋರ್ಡಿನ ಬೆಳಕು ಕಡಿಮೆ ಮಾಡಿ ಅಂತ ಅಂಗಡಿಯವರನ್ನು ಕೇಳಲು ಆಗುತ್ತದಾ? ಹುಡುಗನನ್ನೇ ಸರಿಸಿದೆ.

ಎಷ್ಟು ಹೆಜ್ಜೆ ಸರಿಸಬೇಕು? ಸರಿಸಿದರೆ ಎಲ್ಲ ಬೆಳಕೂ ಕಡಿಮೆಯಾಗುವುದಿಲ್ಲವಾ?

ಆಗುತ್ತದೆ, ಆದರೆ ಒಂದೇ ಸಮನೆ ಅಲ್ಲ. ಇಡೀ ಆಟ ಇರುವುದು ಇಲ್ಲೇ.

ಸಣ್ಣ ದೀಪದಿಂದ ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಅಂದರೆ ಎರಡು ಸ್ಟಾಪ್. ನಾಲ್ಕು ಅಡಿಯ ಬೋರ್ಡಿನ ಹತ್ತಿರ ನಿಂತಾಗ ಅದು ಸಣ್ಣ ದೀಪ ಅಲ್ಲ, ಅಗಲವಾದ ದೀಪ. ಹಾಗಾಗಿ ಮೂರಡಿಯಿಂದ ಆರಡಿಗೆ ಹೋದಾಗ ಎರಡು ಸ್ಟಾಪ್ ಪೂರ್ತಿ ಇಳಿಯಲಿಲ್ಲ, ಸುಮಾರು ಒಂದೂವರೆ ಇಳಿಯಿತು. ಒಳಗಿನ ಬಿಳಿ ದೀಪಗಳು ಮೊದಲೇ ಹದಿಮೂರು ಅಡಿ ದೂರ ಇದ್ದವು. ಮೂರಡಿ ಹಿಂದೆ ಸರಿದರೆ ಹದಿನಾರು. ಅಲ್ಲಿ ಇಳಿದದ್ದು ಅರ್ಧ ಸ್ಟಾಪಿಗಿಂತ ಸ್ವಲ್ಪ ಹೆಚ್ಚು ಮಾತ್ರ. ಇನ್ನು ಬೀದಿದೀಪ ಎತ್ತರದಲ್ಲಿ, ಬೀದಿಯಾಚೆ. ಅದಕ್ಕೆ ನಮ್ಮ ಒಂದು ಹೆಜ್ಜೆ ಲೆಕ್ಕಕ್ಕೇ ಇಲ್ಲ.

ಹೀಗೆ ಒಂದೇ ಹೆಜ್ಜೆಗೆ ಗುಲಾಬಿ ಜಾಸ್ತಿ ಇಳಿಯಿತು, ಬಿಳಿ ಕಡಿಮೆ ಇಳಿಯಿತು. ಗುಲಾಬಿ ಅರ್ಧ ಸ್ಟಾಪ್ ಮೇಲಿದ್ದದ್ದು ಹತ್ತಿರ ಅರ್ಧ ಸ್ಟಾಪ್ ಕೆಳಗೆ ಬಂತು. ಆಮೇಲೆ ಬೋರ್ಡಿನಿಂದ ಪಕ್ಕಕ್ಕೆ ಒಂದು ಹೆಜ್ಜೆ ಸರಿಸಿ, ಮುಖವನ್ನು ತುಸು ಬಾಗಿಲ ಕಡೆ ತಿರುಗಿಸಿದಾಗ ಬೇಕಾದ ಒಂದು ಸ್ಟಾಪ್ ವ್ಯತ್ಯಾಸ ಸಿಕ್ಕಿತು. ಹತ್ತಿರದ ದೀಪವನ್ನು ಕಾಲಿನಿಂದ ಕಡಿಮೆ ಮಾಡಬಹುದು, ದೂರದ ದೀಪವನ್ನು ಆಗುವುದಿಲ್ಲ. ದೂರದ್ದನ್ನು ತಡೆಯಬೇಕು ಅಂದರೆ ಅಡ್ಡ ಏನಾದರೂ ಹಿಡಿಯಬೇಕು. ಸೋಡಿಯಂ ದೀಪ ತಲೆಯ ಮೇಲೆ ಇದ್ದರೆ ನಾನು ಗೆಳೆಯನ ಕೈಗೆ ಕಪ್ಪು ಕೊಡೆ ಕೊಟ್ಟು, ಚೌಕಟ್ಟಿನ ಹೊರಗೆ ಎತ್ತಿ ಹಿಡಿಯಲು ಹೇಳುತ್ತೇನೆ. ಮಳೆ ಇಲ್ಲದ ಬಳ್ಳಾರಿಯಲ್ಲಿ ಕೊಡೆ ಹಿಡಿದು ನಿಂತವನನ್ನು ಜನ ನೋಡುತ್ತಾರೆ. ನೋಡಲಿ ಬಿಡಿ.

ಗ್ರೇ ಕಾರ್ಡ್ ಎಲ್ಲಿ ಹಿಡಿಯಬೇಕು? ಹಿಡಿದರೂ ಬಣ್ಣ ತಪ್ಪುತ್ತದೆ.

ಗ್ರೇ ಕಾರ್ಡ್ ಅಂದರೆ ಬೂದು ಬಣ್ಣದ ಹಾಳೆ, ಅದನ್ನು ನೋಡಿ ವೈಟ್ ಬ್ಯಾಲೆನ್ಸ್ ಇಡುತ್ತೇವೆ. ಎಲ್ಲ ಬೆಳಕೂ ಬೀಳುವ ಹಾಗೆ ಹಿಡಿದರೆ ಕಾರ್ಡ್ ಸರಾಸರಿ ಹೇಳುತ್ತದೆ. ಸರಾಸರಿ ಯಾವ ಕೆನ್ನೆಗೂ ಹೊಂದುವುದಿಲ್ಲ. ಗದ್ದದ ಹತ್ತಿರ ಕಾರ್ಡ್ ಹಿಡಿಸಿ, ಬಣ್ಣದ ಬೋರ್ಡಿನ ಕಡೆಗೆ ನಿಮ್ಮ ಬ್ಯಾಗ್ ಅಡ್ಡ ಇಡಿ. ಕಾರ್ಡಿನ ಮೇಲೆ ಮುಖದ ಬೆಳಕು ಮಾತ್ರ ಬೀಳಬೇಕು. ಹಾಗೆ ಒಂದು ಫೋಟೊ ತೆಗೆದು, ಬ್ಯಾಗ್ ತೆಗೆದು ಕೆಲಸ ಶುರು ಮಾಡಿ.

ಜ್ಯೂಸ್ ಅಂಗಡಿಯಲ್ಲಿ ಆ ಕಾರ್ಡಿನಿಂದ ನನಗೆ ಸಿಕ್ಕಿದ್ದು 5600 ಕೆಲ್ವಿನ್, ಟಿಂಟ್ +12. ಕೆಲ್ವಿನ್ ಅಂದರೆ ಬೆಳಕು ಹಳದಿಯೋ ನೀಲಿಯೋ ಅನ್ನುವ ಅಳತೆ, ಎಡಿಟಿಂಗ್‌ನಲ್ಲಿ ಅದೇ ಟೆಂಪ್. ಟಿಂಟ್ ಹಸಿರು ಮತ್ತು ಮಜೆಂಟಾ ನಡುವಿನ ಅಳತೆ. ಆ ಹನ್ನೆರಡು ಯಾಕೆ ಅಂದರೆ ಅಗ್ಗದ ಬಿಳಿ ಎಲ್‌ಇಡಿಗಳಲ್ಲಿ ಒಂದಿಷ್ಟು ಹಸಿರು ಛಾಯೆ ಇರುತ್ತದೆ, ಅದಕ್ಕೆ ಎದುರಾಗಿ ಮಜೆಂಟಾ ಸೇರಿಸಬೇಕು. ಟೆಂಪ್ ಒಂದನ್ನೇ ತಿರುಗಿಸಿ ಟಿಂಟ್ ಮರೆತುಬಿಡುವವರ ಫೋಟೊದಲ್ಲಿ ಮುಖ ಕಾಯಿಲೆ ಬಿದ್ದವರ ಹಾಗೆ ಕಾಣುವುದು ಇದಕ್ಕೇ.

ಹಿಸ್ಟೊಗ್ರಾಮ್ ಸರಿಯಾಗಿತ್ತು. ಆದರೂ ನಿಯಾನ್ ಬಿದ್ದ ಕೆನ್ನೆ ಪ್ಲಾಸ್ಟಿಕ್ ತರಹ ಬಂದಿದೆ.

ಹಿಸ್ಟೊಗ್ರಾಮ್ ಅಂದರೆ ಚಿತ್ರದಲ್ಲಿ ಕತ್ತಲು ಎಷ್ಟು, ಬೆಳಕು ಎಷ್ಟು ಅಂತ ತೋರಿಸುವ ನಕ್ಷೆ; ಅದರ ಬಲ ತುದಿ ಗೋಡೆ ಇದ್ದ ಹಾಗೆ. ನೀವು ನೋಡಿದ್ದು ಬಿಳಿ ಹಿಸ್ಟೊಗ್ರಾಮ್. ಅದು ಮೂರೂ ಬಣ್ಣವನ್ನು ಕೂಡಿಸಿ ತೋರಿಸುತ್ತದೆ. ಗುಲಾಬಿ ಅಥವಾ ಕೆಂಪು ಬೆಳಕಿನಲ್ಲಿ ಹಸಿರು, ನೀಲಿ ಕೆಳಗೇ ಇರುತ್ತವೆ. ಕೆಂಪು ಮಾತ್ರ ಗೋಡೆಗೆ ಡಿಕ್ಕಿ ಹೊಡೆದಿರುತ್ತದೆ. ಕೂಡಿಸಿದ ಲೆಕ್ಕದಲ್ಲಿ ಅದು ಮುಚ್ಚಿಹೋಗುತ್ತದೆ. ಕೆಂಪು ಚಾನೆಲ್ ತುಂಬಿ ಹೋದ ಮೇಲೆ ಕೆನ್ನೆಯ ಏರಿಳಿತ ಬರೆದಿಡಲು ಜಾಗವೇ ಇರುವುದಿಲ್ಲ. ಎಲ್ಲ ಒಂದೇ ಬಣ್ಣದ ಚಪ್ಪಟೆ ತೇಪೆ.

ಕ್ಯಾಮೆರಾದಲ್ಲಿ ಮೂರು ಬಣ್ಣದ ಹಿಸ್ಟೊಗ್ರಾಮ್ ಆನ್ ಮಾಡಿ. ಕೆಂಪು ಬಲಗಡೆ ಗೋಡೆಗೆ ಅಂಟಿದ್ದರೆ ಒಂದು ಸ್ಟಾಪ್ ಇಳಿಸಿ. ಕತ್ತಲಾದ ಮುಖವನ್ನು ಸೆನ್ಸರ್ ಕಂಡದ್ದನ್ನು ಹಾಗೇ ಇಟ್ಟುಕೊಳ್ಳುವ ರಾ ಫೈಲಿನಿಂದ ಮೇಲೆತ್ತಬಹುದು, ತುಂಬಿಹೋದ ಕೆಂಪನ್ನು ವಾಪಸ್ ತರಲು ಆಗುವುದಿಲ್ಲ. ಕ್ಯಾಮೆರಾದ ಹಿಸ್ಟೊಗ್ರಾಮ್ ಲೆಕ್ಕ ಹಾಕುವುದು ಅದರ ಜೆಪೆಗ್ ಚಿತ್ರದಿಂದ. ಹಾಗಾಗಿ ಪಿಕ್ಚರ್ ಸ್ಟೈಲ್ ವಿವಿಡ್ ಅಂತ ಇದ್ದರೆ ಅದು ಇನ್ನೂ ಹೆಚ್ಚು ಹೆದರಿಸುತ್ತದೆ. ನ್ಯೂಟ್ರಲ್‌ಗೆ ಇಡಿ.

ಒಂದೇ ಸೆಟ್ಟಿಂಗ್, ಒಂದೇ ಜಾಗ. ಆದರೂ ಒಂದು ಫೋಟೊ ಹಳದಿ, ಮುಂದಿನದ್ದು ಕೆಂಪು, ಇನ್ನೊಂದು ಕತ್ತಲು. ಕ್ಯಾಮೆರಾ ಕೆಟ್ಟಿದೆಯಾ?

ಕ್ಯಾಮೆರಾ ಚೆನ್ನಾಗೇ ಇದೆ. ಶಟರ್ ಜೋರಾಗಿದೆ. ನಮ್ಮ ಕರೆಂಟು 50 ಹರ್ಟ್ಜ್. ಅದರ ಮೇಲೆ ಉರಿಯುವ ಸೋಡಿಯಂ ದೀಪ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಬರೀ ಪ್ರಕಾಶ ಅಲ್ಲ, ಬಣ್ಣವೂ ಏರಿಳಿತದ ಜೊತೆ ಬದಲಾಗುತ್ತದೆ. 1/200 ಅಥವಾ 1/250ರಲ್ಲಿ ತೆಗೆದರೆ ಒಂದು ಏರಿಳಿತದ ಒಂದು ತುಂಡು ಮಾತ್ರ ಸಿಗುತ್ತದೆ. ಪ್ರತಿ ಸಲ ಬೇರೆ ತುಂಡು.

1/100 ಇಟ್ಟರೆ ಒಂದು ಪೂರ್ತಿ ಸುತ್ತು, 1/50 ಇಟ್ಟರೆ ಎರಡು ಸುತ್ತು. ಆಗ ಪ್ರತಿ ಫೋಟೊದಲ್ಲೂ ಒಂದೇ ಬಣ್ಣ. ಜ್ಯೂಸ್ ಅಂಗಡಿಯ ಫೋಟೊಗಳೆಲ್ಲ 50 ಎಂಎಂ ಲೆನ್ಸ್, f/2, 1/100, ಐಎಸ್‌ಒ 1600. ಎಲ್‌ಇಡಿ ನಿಯಾನ್‌ಗೆ ಡಿಮ್ಮರ್ ಹಾಕಿದ್ದರೆ ಅದರ ಮಿಣುಕು ಬೇರೆ ವೇಗದಲ್ಲಿ ಇರುತ್ತದೆ, ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಮುಖದ ಮೇಲೆ ಅಡ್ಡಪಟ್ಟಿ ಬರುತ್ತವೆ. ಮೆಕ್ಯಾನಿಕಲ್ ಶಟರ್‌ಗೆ ಬನ್ನಿ, ಸಾಲದಿದ್ದರೆ 1/50ಕ್ಕೆ ಇಳಿಯಿರಿ, ಆಸಾಮಿಗೆ ಅಲುಗಾಡಬೇಡ ಅನ್ನಿ.

ಸುತ್ತ ಎಲ್ಲೂ ಬಿಳಿ ಬೆಳಕೇ ಇಲ್ಲ. ಬರೀ ಸೋಡಿಯಂ ಮತ್ತು ನಿಯಾನ್. ಆಗ?

ಆಗ ಬಿಳಿ ಬೆಳಕನ್ನು ನೀವೇ ತರಬೇಕು. ಆದರೆ ಫ್ಲಾಶ್ ಹಾಗೇ ಹೊಡೆದರೆ ಮುಖ ಒಂದು ಕಡೆ, ಊರು ಒಂದು ಕಡೆ ಆಗುತ್ತದೆ. ಹಿಂದೆಲ್ಲ ಕಡು ಕಿತ್ತಳೆ, ಮುಂದೆ ಸುಣ್ಣ ಹೊಡೆದ ಮುಖ. ಫ್ಲಾಶ್ ಮೇಲೆ ಕಿತ್ತಳೆ ಜೆಲ್ ಹಾಕಬೇಕು. ನಾಟಕ ಕಂಪನಿಯವರು ಜಿಲಾಟಿನ್ ಪೇಪರ್ ಅನ್ನುತ್ತಿದ್ದರಲ್ಲ, ಅದೇ ಜಾತಿ. ಅಂಗಡಿಯಲ್ಲಿ ಫುಲ್ ಸಿಟಿಒ ಅಂತ ಕೇಳಿ.

ಎಷ್ಟು ಹಾಳೆ ಅನ್ನುವುದಕ್ಕೆ ಸಣ್ಣ ಲೆಕ್ಕ ಇದೆ. ಕೆಲ್ವಿನ್‌ನಲ್ಲಿ ಕೂಡಿ ಕಳೆಯಲು ಬರುವುದಿಲ್ಲ. ಹತ್ತು ಲಕ್ಷವನ್ನು ಕೆಲ್ವಿನ್‌ನಿಂದ ಭಾಗಿಸಿದರೆ ಮಿರೆಡ್ ಸಿಗುತ್ತದೆ, ಅದರಲ್ಲಿ ಕೂಡಬಹುದು. ಫ್ಲಾಶ್ 5600 ಅಂದರೆ 179 ಮಿರೆಡ್. ಸೋಡಿಯಂ ಸುಮಾರು 2100, ಅಂದರೆ 476. ಒಂದು ಫುಲ್ ಸಿಟಿಒ ಹಾಳೆ ಸುಮಾರು 159 ಸೇರಿಸುತ್ತದೆ. ಒಂದು ಹಾಳೆಗೆ 338, ಅಂದರೆ ಹತ್ತಿರ 3000 ಕೆಲ್ವಿನ್. ಎರಡು ಹಾಳೆಗೆ 497, ಅಂದರೆ ಸುಮಾರು 2000. ಸೋಡಿಯಂಗೆ ಸರಿಸಮ ಆಗಬೇಕಾದರೆ ಎರಡು ಹಾಳೆ ಬೇಕು. ಬೆಳಕು ಮಾತ್ರ ಹತ್ತಿರ ಎರಡು ಸ್ಟಾಪ್ ನುಂಗಿಹೋಗುತ್ತದೆ.

ನಾನು ಹಾಕುವುದು ಒಂದೇ ಹಾಳೆ. ಎರಡು ಹಾಕಿ 2000ಕ್ಕೆ ಬ್ಯಾಲೆನ್ಸ್ ಮಾಡಿದರೆ ಸೋಡಿಯಂ ಬೀದಿ ಬಿಳಿಚಿಕೊಳ್ಳುತ್ತದೆ, ದೂರದ ಬಿಳಿ ಎಲ್‌ಇಡಿಗಳೆಲ್ಲ ಕಡು ನೀಲಿ ಆಗುತ್ತವೆ, ರಾತ್ರಿಯ ಬಿಸುಪೇ ಹೋಗುತ್ತದೆ. ಒಂದು ಹಾಳೆ, ವೈಟ್ ಬ್ಯಾಲೆನ್ಸ್ 3000ರಿಂದ 3200. ಮುಖ ಸರಿ, ಬೀದಿ ಇನ್ನೂ ಕಿತ್ತಳೆ, ಆದರೆ ಎರಡೂ ಒಂದೇ ಊರಿನವು ಅನ್ನಿಸುತ್ತದೆ. ಫ್ಲಾಶ್ ಪವರ್ ಕನಿಷ್ಠದಿಂದ ಶುರು ಮಾಡಿ, 1/64 ಅಥವಾ 1/32. ಫ್ಲಾಶ್‌ನಲ್ಲಿ ಎಲ್ಲ ಬಣ್ಣವೂ ಇರುವುದರಿಂದ, ಜೆಲ್ ಹಾಕಿದರೂ ತುಟಿ ತುಟಿಯ ಬಣ್ಣದಲ್ಲೇ ಬರುತ್ತದೆ. ಸೋಡಿಯಂ ಕೊಡದೇ ಇದ್ದದ್ದನ್ನು ಇದು ಕೊಡುತ್ತದೆ.

ಕೈಯಲ್ಲಿ ಹಿಡಿಯುವ ಸಣ್ಣ ಎಲ್‌ಇಡಿ ಪ್ಯಾನೆಲ್ ಇದ್ದರೆ ಇನ್ನೂ ಸುಲಭ. ಅದನ್ನೇ 3200ಕ್ಕೆ ತಿರುಗಿಸಿ.

ಮುಖ ಸರಿಯಾಗಿದೆಯಾ ಅಂತ ಎಡಿಟ್ ಮಾಡುವಾಗ ಹೇಗೆ ತಿಳಿಯುವುದು? ನನ್ನ ಮಾನಿಟರ್ ಅಷ್ಟಕ್ಕಷ್ಟೇ.

ಕಣ್ಣನ್ನು ನಂಬಬೇಡಿ, ಅಂಕಿ ನೋಡಿ. ಲೈಟ್‌ರೂಮ್‌ನಲ್ಲಿ ಚರ್ಮದ ಮೇಲೆ ಬಾಣ ಇಟ್ಟರೆ ಹಿಸ್ಟೊಗ್ರಾಮ್ ಕೆಳಗೆ R, G, B ಶೇಕಡಾವಾರು ಬರುತ್ತದೆ. ನಮ್ಮವರ ಚರ್ಮ ಕಪ್ಪಿರಲಿ, ಗೋಧಿ ಬಣ್ಣ ಇರಲಿ, ಸರಿಯಾದ ಬೆಳಕಿನಲ್ಲಿ ಕೆಂಪು ಎಲ್ಲಕ್ಕಿಂತ ಮೇಲೆ, ಹಸಿರು ನಡುವೆ, ನೀಲಿ ಕೆಳಗೆ. ಈ ಸಾಲು ತಪ್ಪಿದರೆ ಬಣ್ಣ ತಪ್ಪಿದೆ.

ಮಾವನ ಮಗನ ಹಣೆಯ ಮೇಲೆ 68, 52, 42 ಇತ್ತು. ಸರಿಯಾದ ಸಾಲು. ಗುಲಾಬಿ ಕೆನ್ನೆಯ ಮೇಲೆ 74, 45, 55. ನೀಲಿ ಹಸಿರನ್ನು ದಾಟಿದೆ ನೋಡಿ. ನೋಡುವವರಿಗೆ ಏನೋ ಸರಿ ಇಲ್ಲ ಅನ್ನಿಸುವುದು ಅದಕ್ಕೇ. ಆ ಕೆನ್ನೆಗೆ ಮಾತ್ರ ಬ್ರಷ್‌ನಿಂದ ಮಾಸ್ಕ್ ಹಾಕಿದೆ, ಅಂಚು ಮೆತ್ತಗೆ ಇಟ್ಟೆ. ಮಾಸ್ಕ್ ಒಳಗೆ ಸ್ಯಾಚುರೇಶನ್ ‑20, ಟಿಂಟ್ ಹಸಿರಿನ ಕಡೆಗೆ ‑10, ಟೆಂಪ್ ತುಸು ಹಳದಿ ಕಡೆಗೆ. ಅಂಕಿ 70, 48, 46ಕ್ಕೆ ಬಂತು. ಅಲ್ಲಿಗೆ ನಿಲ್ಲಿಸಿದೆ. ಹಣೆಯಂತೆಯೇ ಮಾಡಲು ಹೋಗಿದ್ದರೆ ಕೆನ್ನೆ ಬೂದಿಯಾಗುತ್ತಿತ್ತು. ಆ ಬೆಳಕಿನಲ್ಲಿ ಹಸಿರು ಕಡಿಮೆ, ಇಲ್ಲದ್ದನ್ನು ಎಷ್ಟು ಎಳೆದರೂ ಬರುವುದಿಲ್ಲ. ಅಲ್ಲದೆ ಪಕ್ಕದಲ್ಲಿ ಗುಲಾಬಿ ಬೋರ್ಡು ಇದೆ ಅಂತ ಕಾಣಬೇಕಲ್ವಾ?

ಮಾಸ್ಕ್ ಹಾಕುವಾಗ ಎಲ್ಲಿ ಎಡವುತ್ತಾರೆ ಅಂದರೆ ಮೂಗಿನ ಗಡಿಯಲ್ಲಿ. ಎರಡು ಬೆಳಕು ಬೆರೆಯುವ ಜಾಗ ಅದು. ಗಡಿ ಗಟ್ಟಿಯಾಗಿದ್ದರೆ ಮೂಗಿನ ಮೇಲೆ ಹಸಿರು ಗೆರೆ ಕಾಣುತ್ತದೆ. ಶೇಕಡಾ 200ಕ್ಕೆ ಹಿಗ್ಗಿಸಿ, ಮೂಗು ಮತ್ತು ಕಣ್ಣಿನ ಬಿಳಿ ಎರಡನ್ನೂ ನೋಡಿ. ಕಣ್ಣಿನ ಬಿಳಿ ಪೂರ್ತಿ ಬಿಳಿ ಆಗಬೇಕಿಲ್ಲ, ಆದರೆ ಹಸಿರು ಇರಬಾರದು.

ಸೋಡಿಯಂ ಕೆನ್ನೆ ಈಗಾಗಲೇ ಹಾಳಾಗಿದ್ದರೆ ಸ್ಲೈಡರ್ ಸಾಲದು. ಲೈಟ್‌ರೂಮ್ ಟೆಂಪ್ 2000ಕ್ಕೇ ನಿಂತುಬಿಡುತ್ತದೆ. ಫೋಟೊಶಾಪ್‌ನಲ್ಲಿ ಹೊಸ ಲೇಯರ್ ಹಾಕಿ, ಬ್ಲೆಂಡ್ ಮೋಡ್ Color ಇಡಿ. ಒಳ್ಳೆಯ ಕೆನ್ನೆಯಿಂದ ಬಣ್ಣ ಆರಿಸಿ, ಕೆಟ್ಟ ಕೆನ್ನೆಯ ಮೇಲೆ ಶೇಕಡಾ 20 ಒಪ್ಯಾಸಿಟಿಯಲ್ಲಿ ನಿಧಾನಕ್ಕೆ ಬಳಿಯಿರಿ. ಇದು ತೇಪೆ ಕೆಲಸ ಅಂತ ಗೊತ್ತಿರಲಿ. ಸಣ್ಣ ಅಳತೆಗೆ ನಡೆಯುತ್ತದೆ, ಹನ್ನೆರಡು ಇಂಟು ಹದಿನೆಂಟು ಪ್ರಿಂಟಿಗೆ ಸಿಕ್ಕಿಬೀಳುತ್ತದೆ.

ಫೋನಿನಲ್ಲಿ ಆಗುತ್ತದಾ?

ನಿಲ್ಲಿಸುವ ಪಾಠ ಅದೇ, ಫೋನಿಗೂ ಹೊಂದುತ್ತದೆ. ನೈಟ್ ಮೋಡ್ ಹಲವು ಫ್ರೇಮ್ ಕೂಡಿಸಿ ತನಗೆ ತೋಚಿದ ಬಣ್ಣ ಕೊಡುತ್ತದೆ, ಆಮೇಲೆ ತಿದ್ದಲು ಜಾಗ ಬಿಡುವುದಿಲ್ಲ. ಪ್ರೊ ಮೋಡ್ ಇದ್ದರೆ ರಾ ಆನ್ ಮಾಡಿ, ಶಟರ್ 1/50, ವೈಟ್ ಬ್ಯಾಲೆನ್ಸ್ ಕೈಯಿಂದ ಇಡಿ. ಆಟೊ ಬಿಟ್ಟರೆ ಪ್ರತಿ ಫೋಟೊಗೂ ಬೇರೆ ಬಣ್ಣ ಬರುತ್ತದೆ.

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ತೊಟ್ಟಿಲಿನ ಮುಂದೆ ಫೋಟೊ ಕೇಳುತ್ತಾರೆ. ಅಲ್ಲಿ ದೀಪದ ಬಣ್ಣವೇ ಕ್ಷಣಕ್ಕೊಮ್ಮೆ ಬದಲಾಗುತ್ತದೆ.

ತೊಟ್ಟಿಲನ್ನು ಹಿಂದಕ್ಕೆ ಹಾಕಿ, ಮುಖವನ್ನು ಬಿಳಿ ಬಲ್ಬು ಹಾಕಿದ ಮಂಡಕ್ಕಿ ಮಿರ್ಚಿ ಅಂಗಡಿಗೋ ಬಳೆ ಅಂಗಡಿಗೋ ತಿರುಗಿಸಿ. ಬಳೆ ಅಂಗಡಿ ಇನ್ನೂ ಒಳ್ಳೆಯದು, ಮಿರ್ಚಿ ಬಾಣಲೆಯ ಹೊಗೆ ಲೆನ್ಸ್‌ಗೆ ಎಣ್ಣೆ ಹಿಡಿಸುತ್ತದೆ. ಮುಖದ ಬೆಳಕು ನಿಂತಿದ್ದರೆ ಹಿಂದಿನದು ಎಷ್ಟಾದರೂ ಕುಣಿಯಲಿ. ತೊಟ್ಟಿಲಿನ ಬಣ್ಣ ಕೂದಲಿನ ಅಂಚಿಗೆ ಬೀಳುವಷ್ಟು ಹತ್ತಿರ ನಿಲ್ಲಿಸಿ, ಅದು ಕೆಂಪು ಅಥವಾ ಹಳದಿಗೆ ಬಂದಾಗ ಒತ್ತಿ. ಹಸಿರಿಗೆ ಬಂದಾಗ ಬೆರಳು ತೆಗೆಯಿರಿ.

ಎಲ್ಲ ಮಾಡಿದರೂ ಒಂದು ಒಳ್ಳೆಯ ನಗು ಬರೀ ಸೋಡಿಯಂ ಬೆಳಕಿನಲ್ಲೇ ಸಿಕ್ಕಿಬಿಟ್ಟಿದೆ. ಬಿಸಾಕಬೇಕಾ?

ಬಿಸಾಕಬೇಡಿ, ಕಪ್ಪು ಬಿಳುಪು ಮಾಡಿ. ಸೋಡಿಯಂ ಬೆಳಕು ಹೇಗೂ ಒಂದೇ ಬಣ್ಣದ್ದು, ಅದರಲ್ಲಿ ಕಳೆದುಕೊಳ್ಳಲು ಬಣ್ಣ ಇರಲೇ ಇಲ್ಲ. ಪರಿವರ್ತಿಸುವಾಗ ನೀಲಿ ಚಾನೆಲ್ ಮುಟ್ಟಬೇಡಿ, ಅಲ್ಲಿ ನಾಯ್ಸ್ ಮಾತ್ರ ಇರುತ್ತದೆ. ಕೆಂಪು ಮತ್ತು ಹಸಿರಿನಿಂದ ಚಿತ್ರ ಕಟ್ಟಿ. ಕೆಂಪು ನಿಯಾನ್ ಬಿದ್ದ ಮುಖವಾದರೆ ಹಸಿರು ಚಾನೆಲ್‌ಗೆ ಹೆಚ್ಚು ಪಾಲು ಕೊಡಿ, ಕೆಂಪಿನಲ್ಲಿ ತುಂಬಿಹೋದ ಚರ್ಮದ ಏರಿಳಿತ ಹೆಚ್ಚಾಗಿ ಅಲ್ಲಿ ಉಳಿದಿರುತ್ತದೆ.

ಮಾವನ ಮಗನ ಮೊದಲ ದಿನದ ಫೋಟೊಗಳಲ್ಲೂ ಒಂದು ಹಾಗೆ ಉಳಿಯಿತು. ಕಪ್ಪು ಬಿಳುಪು ಮಾಡಿದ ಮೇಲೆ ಅತ್ತೆ ಅದನ್ನೇ ಫ್ರೇಮ್ ಹಾಕಿಸಿದರು. ಬಯೋಡೇಟಾಗೆ ಮಾತ್ರ ಎರಡನೇ ದಿನದ್ದೇ ಹೋಯಿತು.